ಮೊಣಕೈ ಮಡಿಸಿದರೆ ಚೌಕಳಿ ಅಂಗಿ ಹರಿಯುತ್ತದೆ: ಮೆಶ್ ಮಾಡಿದವರ ಅನುಭವ ಬೇಕು

ಕಾಗದದ ದೋಣಿ: Godot 4ರಲ್ಲಿ ಮಕ್ಕಳ ಕಥೆಗೆ ಒಬ್ಬ ಹುಡುಗನ ಪಾತ್ರ ಮಾಡುತ್ತಿದ್ದೇನೆ. ಇಡೀ ತೋಳು ಒಂದೇ ಚಿತ್ರ. ಅದಕ್ಕೊಂದು Polygon2D, ಒಳಗೆ ಎರಡು ಬೋನ್. ಮೊಣಕೈ ಮಡಿಸಿದ ಕೂಡಲೇ ತೋಳು ಅಲ್ಲಿ ಸೊರಗುತ್ತದೆ, ಅಂಗಿಯ ಚೌಕಳಿ ಜಗ್ಗಿದಂತಾಗುತ್ತದೆ, ಒಂದು ಕಡೆ ಸಣ್ಣ ಬಿರುಕಿನಲ್ಲಿ ಹಿನ್ನೆಲೆ ಇಣುಕುತ್ತದೆ. ವೇಯ್ಟ್ ಎಷ್ಟು ಸಲ ಬಳಿದರೂ ಇದೇ ಕಥೆ. ನೀವೆಲ್ಲ ಹೇಗೆ ಮಾಡುತ್ತೀರಿ?

ರಾತ್ರಿಪಾಳಿ: ನನಗೂ ಹೀಗೇ ಹರಿಯುತ್ತಿತ್ತು, ಪಾತ್ರ ಜೋರಾಗಿ ಓಡುವಾಗ ಪರದೆಯ ನಡುವೆ ಅಡ್ಡಗೆರೆ. ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ವಿ-ಸಿಂಕ್ ಹಾಕಿದೆ, ಹೋಯಿತು.

ಕಾಗದದ ದೋಣಿ: ಅದಲ್ಲ ಸರ್. ಪಾತ್ರ ಅಲುಗಾಡದೆ ಕೈ ಮಡಿಸಿಕೊಂಡು ನಿಂತಿದ್ದರೂ ಬಿರುಕು ಇರುತ್ತದೆ.

ಬಿಂದುಮಾಧವ: ಬಿಂದುಗಳು ಸಾಲದು, ಅಷ್ಟೇ. ಮೊಣಕೈ ಸುತ್ತ ಹತ್ತಿಪ್ಪತ್ತು ಬಿಂದು ಹಾಕಿ, ವೇಯ್ಟ್ ನಯವಾಗಿ ಬಳಿಯಿರಿ. ನಾನು ಮೀನಿನ ಬಾಲಕ್ಕೆ ಹಾಗೆಯೇ ಮಾಡಿದ್ದೇನೆ, ಬೆಣ್ಣೆಯಂತೆ ಬಳುಕುತ್ತದೆ.

ಹಳೇ ರಿಗ್ಗರ್: ಮೀನಿಗೆ ಅದು ಸರಿ. ಬಾಲದಲ್ಲಿ ನಾಲ್ಕೈದು ಬೋನ್‌ಗಳಿರುತ್ತವೆ, ಒಂದೊಂದೂ ಸ್ವಲ್ಪ ಸ್ವಲ್ಪವೇ ತಿರುಗುತ್ತದೆ. ಮೊಣಕೈ ಒಂದೇ ಜಾಗದಲ್ಲಿ 90 ಡಿಗ್ರಿ, 120 ಡಿಗ್ರಿ ಮಡಿಯುತ್ತದೆ. ಅಲ್ಲಿ ಬಿಂದು ಹೆಚ್ಚಿಸಿದರೆ ಸೊರಗಿದ ತೋಳೇ ನಯವಾಗಿ ಕಾಣುತ್ತದೆ, ತುಂಬಿಕೊಳ್ಳುವುದಿಲ್ಲ.

ದೋಣಿಯವರೇ, ನಿಮ್ಮಲ್ಲಿರುವುದು ಎರಡು ಬೇರೆ ಬೇರೆ ಕಾಯಿಲೆ. ಮೊದಲು ಬಿರುಕು ನೋಡೋಣ. ಒಳಗೆ ಬಿಂದುಗಳನ್ನು ಇಟ್ಟ ಮಾತ್ರಕ್ಕೆ Polygon2D ಅವನ್ನು ಬಳಸುವುದಿಲ್ಲ. Polygons ಟ್ಯಾಬ್‌ನಲ್ಲಿ ಆ ಬಿಂದುಗಳನ್ನು ಸೇರಿಸಿ ನೀವೇ ತುಂಡುಗಳನ್ನು ಎಳೆಯಬೇಕು. ಎಳೆಯುವಾಗ ಎಲ್ಲರೂ ಮಾಡುವ ತಪ್ಪೊಂದಿದೆ. ಮೊಣಕೈಗೆ ಅಡ್ಡಲಾಗಿ ಮೂರು ಬಿಂದುಗಳಿವೆ ಎನ್ನಿ: ಹೊರಗೊಂದು, ನಡುವೆ ಒಂದು, ಒಳಗೊಂದು. ಮುಂಗೈ ಕಡೆಯ ತುಂಡುಗಳನ್ನು ಮೂರನ್ನೂ ಹಿಡಿದು ಎಳೆಯುತ್ತೀರಿ. ಮೇಲ್ತೋಳಿನ ತುಂಡನ್ನು ಮಾತ್ರ ಹೊರಗಿನದರಿಂದ ನೇರ ಒಳಗಿನದಕ್ಕೆ, ನಡುವಿನದನ್ನು ಮುಟ್ಟದೆ. ಕೈ ನೇರ ಇರುವಾಗ ಮೂರೂ ಒಂದೇ ಗೆರೆಯ ಮೇಲಿರುವುದರಿಂದ ಏನೂ ಕಾಣದು. ಮಡಿಸಿದಾಗ ನಡುವಿನ ಬಿಂದು ಗೆರೆ ಬಿಟ್ಟು ಸರಿಯುತ್ತದೆ, ಆ ಕಡೆಯ ತುಂಡು ಅದರ ಜೊತೆ ಹೋಗುತ್ತದೆ, ಈ ಕಡೆಯದು ಹೋಗುವುದಿಲ್ಲ. ನಡುವೆ ಉಳಿಯುವ ಸಂದೇ ನಿಮ್ಮ ಬಿರುಕು. ಹಂಚಿಕೊಂಡ ಅಂಚಿನ ಮೇಲೆ ಯಾವ ಬಿಂದು ಇದ್ದರೂ ಎರಡೂ ಕಡೆಯ ತುಂಡುಗಳು ಅದನ್ನು ಹಿಡಿದಿರಬೇಕು. ನಾನು ಎಲ್ಲವನ್ನೂ ತ್ರಿಕೋನಗಳಾಗಿಯೇ ಎಳೆಯುತ್ತೇನೆ. ಬೇಸರದ ಕೆಲಸ, ಆದರೆ ಆಮೇಲೆ ಅನುಮಾನ ಇರುವುದಿಲ್ಲ.

ಇನ್ನು ಸೊರಗುವುದು. ಮೊಣಕೈ ಸಾಲಿನ ಬಿಂದುಗಳಿಗೆ ಎರಡೂ ಬೋನ್‌ನ ವೇಯ್ಟ್ ಅರ್ಧರ್ಧ ಕೊಟ್ಟಿರುತ್ತೀರಿ. ಆಗ ಆ ಬಿಂದು ಎರಡು ಜಾಗಗಳ ಸರಾಸರಿಯಲ್ಲಿ ಕೂರುತ್ತದೆ. ಗಡಿಯಾರದ 12ರಿಂದ 3ಕ್ಕೆ ಒಂದು ದಾರ ಬಿಗಿದು ಅದರ ನಟ್ಟನಡುವೆ ಬೆರಳಿಡಿ, ಬೆರಳು ಗಡಿಯಾರದ ಅಂಚಿನಲ್ಲಿರುವುದಿಲ್ಲ, ಒಳಕ್ಕೆ ಬಿದ್ದಿರುತ್ತದೆ. ಇಲ್ಲಿ ಆಗುವುದೂ ಅದೇ. ನಿಮ್ಮ ತೋಳಿನ ಅಗಲ 80 ಪಿಕ್ಸೆಲ್ ಇದ್ದರೆ ಹೊರಗಿನ ಬಿಂದು ಕೀಲಿನಿಂದ 40 ಪಿಕ್ಸೆಲ್ ದೂರದಲ್ಲಿರುತ್ತದೆ. 90 ಡಿಗ್ರಿ ಮಡಿಸಿದಾಗ ಅದು ಸುಮಾರು 28ಕ್ಕೆ ಇಳಿಯುತ್ತದೆ, 120ಕ್ಕೆ ಮಡಿಸಿದಾಗ 20ಕ್ಕೆ. ವೇಯ್ಟ್ ಬಳಿದು ಇದನ್ನು ಗೆಲ್ಲಲಾಗದು, ಏಕೆಂದರೆ ತಪ್ಪು ಬಳಿಯುವುದರಲ್ಲಿಲ್ಲ.

ನಾನು ಮಾಡುವುದು ಇಷ್ಟು. ಮೇಲ್ತೋಳಿನ ಬೋನ್ ಕೆಳಗೆ, ಮುಂಗೈ ಬೋನ್ ಶುರುವಾಗುವ ಜಾಗದಲ್ಲೇ ಇನ್ನೊಂದು ಚಿಕ್ಕ Bone2D ಇಡುತ್ತೇನೆ. ಮುಂಗೈ ಎಷ್ಟು ತಿರುಗುತ್ತದೋ ಅದರ ಅರ್ಧ ಇದು ತಿರುಗಬೇಕು. ಅದಕ್ಕೆ ಈ ಸ್ಕ್ರಿಪ್ಟ್:

```gdscript
@tool
extends Bone2D
@export var forearm: Bone2D

func _process(_delta):
    if forearm:
        var r = forearm.rest.get_rotation()
        rotation = (forearm.rotation - r) * 0.5
```

ಮೊಣಕೈ ಸಾಲಿನ ಬಿಂದುಗಳ ಪೂರ್ತಿ ವೇಯ್ಟ್ ಈ ಚಿಕ್ಕ ಬೋನ್‌ಗೆ. ಅವು ಈಗ ಸರಾಸರಿಗೆ ಬೀಳದೆ ವೃತ್ತದ ಮೇಲೆಯೇ ತಿರುಗುತ್ತವೆ, 40 ಎಂದರೆ 40. ಅಕ್ಕಪಕ್ಕದ ಸಾಲಿಗೆ ಚಿಕ್ಕ ಬೋನ್ ಮತ್ತು ಆಯಾ ಕಡೆಯ ಬೋನ್ ಅರ್ಧರ್ಧ. ಅಲ್ಲಿ ವ್ಯತ್ಯಾಸ 45 ಡಿಗ್ರಿ ಮಾತ್ರ, 40 ಇದ್ದದ್ದು 37 ಆಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಬೋನ್ ಸೇರಿಸಿದ ಮೇಲೆ Bones ಟ್ಯಾಬ್‌ನಲ್ಲಿ Sync Bones to Polygon ಒತ್ತುವುದನ್ನು ಮರೆಯಬೇಡಿ.

ಬಿಂದುಗಳನ್ನು ಎರಡೂ ಬದಿಗೆ ಸಮನಾಗಿ ಹಂಚಬೇಡಿ. ಹೊರಬದಿಯಲ್ಲಿ ಮೂರು, ಒಳಮಡಿಕೆಯಲ್ಲಿ ಒಂದೇ ಒಂದು. ಬೀಸಣಿಗೆಯಂತೆ ತೆರೆದುಕೊಳ್ಳಬೇಕು. ಒಳಬದಿಯಲ್ಲಿ ಹತ್ತಿರ ಹತ್ತಿರ ಸಾಲು ಹಾಕಿದರೆ ಮಡಿಸಿದಾಗ ಅವು ಒಂದನ್ನೊಂದು ದಾಟಿ ಚೌಕಳಿ ತಲೆಕೆಳಗಾಗುತ್ತದೆ. ನಿಮ್ಮ ತೋಳಿಗೆ 90 ಡಿಗ್ರಿಯಲ್ಲಿ ಮೊಣಕೈಯಿಂದ 40 ಪಿಕ್ಸೆಲ್ ಒಳಗಿರುವ ಸಾಲುಗಳಿಗೆಲ್ಲ ಈ ಅಪಾಯವಿದೆ.

ಬಿಂದುಮಾಧವ: ಒಳಗಿನ ಬಿಂದುಗಳನ್ನು ಬಳಸುವುದೇ ಇಲ್ಲವೆಂದು ನನಗೆ ಗೊತ್ತಿರಲಿಲ್ಲ, ಒಪ್ಪಿದೆ. ಹಾಗಾದರೆ ನನ್ನ ಮೀನು ಹೊರ ಅಂಚಿನ ಬಿಂದುಗಳ ಮೇಲೆಯೇ ಈಜುತ್ತಿದೆ! ಆದರೆ ಒಂದು ಮೊಣಕೈಗೆ ಸ್ಕ್ರಿಪ್ಟ್ ಬರೆಯುವುದು ಅತಿಯಾಯಿತು. ನಡುವೆ ಇನ್ನೊಂದು ಬೋನ್ ಹಾಕಿ ಕೈಯಿಂದಲೇ ಕೀ ಕೊಟ್ಟರೆ ಸಾಲದೇ?

ಹಳೇ ರಿಗ್ಗರ್: ಸಾಕು. ಎರಡು ಕೈ, ಎರಡು ಕಾಲು, ಹತ್ತು ಅನಿಮೇಷನ್ ಆದಾಗ ನೀವೇ ಸ್ಕ್ರಿಪ್ಟ್ ಹುಡುಕಿಕೊಂಡು ಬರುತ್ತೀರಿ.

ಸೂಜಿದಾರ: ನಾನು ಮೆಶ್ ಗೊಡವೆಗೇ ಹೋಗುವುದಿಲ್ಲ. ನಮ್ಮೂರ ಕಡೆ ತೊಗಲುಗೊಂಬೆಯ ಕೈಗಳನ್ನು ದಾರದ ಗಂಟಿನಲ್ಲಿ ಜೋಡಿಸಿದ್ದನ್ನು ನೋಡಿ ಬೆಳೆದವಳು. ಮೇಲ್ತೋಳು ಬೇರೆ ಚಿತ್ರ, ಮುಂಗೈ ಬೇರೆ ಚಿತ್ರ. ಎರಡರ ತುದಿಯೂ ಒಂದೇ ಅಳತೆಯ ಪೂರ್ಣ ವೃತ್ತ, ತಿರುಗುವ ಬಿಂದು ಆ ವೃತ್ತದ ಕೇಂದ್ರದಲ್ಲಿ. 150 ಡಿಗ್ರಿ ಮಡಿಸಿದರೂ ಸಂದು ಬೀಳುವುದಿಲ್ಲ. ಕೇಂದ್ರ ನಾಲ್ಕು ಪಿಕ್ಸೆಲ್ ಆಚೀಚೆ ಆದರೆ ಮಾತ್ರ ಮೊಣಕೈಯಲ್ಲಿ ಗಂಟು ಕಾಣುತ್ತದೆ. ನನ್ನ ತಲೆನೋವು ಬೇರೆ: ಹೊರಗೆರೆ. ಎರಡೂ ತುಂಡಿಗೆ ಕಪ್ಪು ಗೆರೆ ಸುತ್ತ ಇದ್ದರೆ ಕೀಲಿನ ಮೇಲೆ ಅರ್ಧಚಂದ್ರದಂತೆ ಗೆರೆ ಉಳಿಯುತ್ತದೆ. ಮೇಲೆ ಕೂರುವ ತುಂಡಿನ ವೃತ್ತದಲ್ಲಿ ಗೆರೆ ಅಳಿಸಿ, ಬಣ್ಣ ಮಾತ್ರ ಬಿಡುತ್ತೇನೆ.

ಹಳೇ ರಿಗ್ಗರ್: ಒಂದೇ ಬಣ್ಣದ ತೋಳಿಗೆ ನಿಮ್ಮ ದಾರಿಯೇ ಮೇಲು, ನಾನೂ ಹಾಗೆಯೇ ಮಾಡುತ್ತೇನೆ. ಇವರದು ಚೌಕಳಿ. ವೃತ್ತದ ಅಂಚಿನಲ್ಲಿ ಒಂದು ಚೌಕಳಿ ಇನ್ನೊಂದರ ಮೇಲೆ ಓರೆಯಾಗಿ ಕೂರುತ್ತದೆ, ಅಂಗಿಗೆ ತೇಪೆ ಹಾಕಿದಂತೆ.

ಸೂಜಿದಾರ: ತೇಪೆ ಹಾಕಿದ ಅಂಗಿಯ ಹುಡುಗ ಕಥೆಗೆ ಒಗ್ಗಿದರೆ ಏನು ನಷ್ಟ? ಹೋಗಲಿ, 120 ಡಿಗ್ರಿ ದಾಟಿದರೆ ನಿಮ್ಮ ಮೆಶ್ ಏನು ಮಾಡುತ್ತದೆ?

ಹಳೇ ರಿಗ್ಗರ್: ಒಳಮಡಿಕೆ ಮುದ್ದೆಯಾಗುತ್ತದೆ. ಅಲ್ಲಿಗೆ ನಾನು ಮಡಿಸಿದ ತೋಳನ್ನೇ ಬೇರೆ ಚಿತ್ರವಾಗಿ ಬರೆದು ಒಂದು ಫ್ರೇಮ್‌ನಲ್ಲಿ ಬದಲಿಸುತ್ತೇನೆ.

ಕಾಗದದ ದೋಣಿ: ರಾತ್ರಿ ಕೂತು ಮಾಡಿದೆ. ಬಿರುಕು ನೀವು ಹೇಳಿದ್ದೇ, ಮೇಲ್ತೋಳಿನ ತುಂಡು ನಡುವಿನ ಬಿಂದುವನ್ನು ಬಿಟ್ಟಿತ್ತು. ಮುಚ್ಚಿತು. ಚಿಕ್ಕ ಬೋನ್ ಹಾಕಿದ ಮೇಲೆ ಮೊಣಕೈ ದುಂಡಗಾಗಿದೆ. ನಡುವೆ ಒಂದು ಫಜೀತಿ: ಪಾತ್ರ ಹೆಜ್ಜೆ ಇಟ್ಟಾಗ ತೋಳಿನ ಒಂದು ಮೂಲೆ ಹಿಂದೆಯೇ ಉಳಿದು ಚೂಯಿಂಗ್ ಗಮ್‌ನಂತೆ ಎಳೆಯಿತು. ಆ ಒಂದು ಬಿಂದುವಿಗೆ ಯಾವ ಬೋನ್‌ನ ವೇಯ್ಟೂ ಬಿದ್ದಿರಲಿಲ್ಲ. ಬಳಿದೆ, ಸರಿಹೋಯಿತು. ಈಗ ಉಳಿದಿರುವುದು ಇದು: ಕೈ ವೇಗವಾಗಿ ಬೀಸಿದಾಗ ಮೊಣಕೈ ಒಂದು ಫ್ರೇಮ್ ತಡವಾಗಿ ಬರುತ್ತದೆ.

ಹಳೇ ರಿಗ್ಗರ್: AnimationPlayer ಮರದಲ್ಲಿ Skeleton2D ಗಿಂತ ಕೆಳಗಿದೆಯೇ? ಹಾಗಿದ್ದರೆ ಚಿಕ್ಕ ಬೋನ್ ಹಳೆಯ ಕೋನವನ್ನು ಓದುತ್ತಿದೆ. ಮೇಲಕ್ಕೆ ಸರಿಸಿ ನೋಡಿ.

ಕಾಗದದ ದೋಣಿ: ಸರಿಸಿದೆ. ಎಡಗೈ ಸರಿಯಾಯಿತು. ಬಲಗೈಗೆ ಐಕೆ ಹಾಕಿದ್ದೇನೆ, ಅದು ಇನ್ನೂ ತಡವಾಗಿಯೇ ಬರುತ್ತಿದೆ.

ಹಳೇ ರಿಗ್ಗರ್: ಐಕೆ ಜೊತೆ ನನಗೂ ಪೂರ್ತಿ ಬಗೆಹರಿದಿಲ್ಲ. ಕೊನೆಯ ಸಲ ಐಕೆಯ ಚಲನೆಯನ್ನು ಕೀಗಳಾಗಿ ಇಳಿಸಿ ಕೆಲಸ ಮುಗಿಸಿದೆ. ಬೇರೆ ದಾರಿ ಕಂಡವರಿದ್ದರೆ ಹೇಳಲಿ.