ಅಪ್‌ಡೇಟ್: ಶಾರ್ಟ್ ಕಾಲ್ ಅಸೈನ್ ಆದ ರಾತ್ರಿ

ನಾನು ಕೇಳಿದ್ದು: "ಅಮೆರಿಕದ ಷೇರಿನ ಮೇಲೆ ಕಾಲ್ ಮಾರಿದ್ದೇನೆ. ಅಸೈನ್ ಆದರೆ ಷೇರು ಯಾವಾಗ ಹೋಗುತ್ತದೆ? ನನಗೆ ಯಾವಾಗ ಗೊತ್ತಾಗುತ್ತದೆ?"

ಈ ವಾರ ಅಸೈನ್ ಆಯಿತು, ಅಂದರೆ ಕಾಲ್ ಕೊಂಡವರು ಹಕ್ಕು ಬಳಸಿದ್ದರಿಂದ ಷೇರು ಕೊಡುವ ಸರದಿ ನನಗೆ ಬಂತು. ನನ್ನ ಬಳಿ 100 ಷೇರು ಇದ್ದವು. ಮಾರಿದ್ದು 50 ಡಾಲರ್ ಸ್ಟ್ರೈಕಿನ ಒಂದು ಕಾಲ್, ಅಂದರೆ 100 ಷೇರನ್ನು ತಲಾ 50 ಡಾಲರ್‌ಗೆ ಕೊಳ್ಳುವ ಹಕ್ಕು. ಗುರುವಾರ ಎಕ್ಸ್-ಡಿವಿಡೆಂಡ್ ದಿನ, ಅವತ್ತಿನಿಂದ ಷೇರು ಕೊಂಡವರಿಗೆ ಆ ಸಲದ ಡಿವಿಡೆಂಡ್ ಸಿಗುವುದಿಲ್ಲ.

ಬುಧವಾರ ಮಾರುಕಟ್ಟೆ ಮುಚ್ಚಿದಾಗ ಖಾತೆಯಲ್ಲಿ ಏನೂ ಬದಲಾಗಿರಲಿಲ್ಲ. ಕಾಲ್ ಕೊಂಡವರಲ್ಲಿ ಡಿವಿಡೆಂಡ್ ಬೇಕಿದ್ದವರು ಅವತ್ತೇ ಎಕ್ಸರ್‌ಸೈಸ್ ಮಾಡಿದ್ದರು, ಅಂದರೆ ತಮ್ಮ ಹಕ್ಕು ಬಳಸಿದ್ದರು. ಆದರೆ ಓಸಿಸಿ ಎಂಬ ಕ್ಲಿಯರಿಂಗ್ ಸಂಸ್ಥೆ ಅದನ್ನು ಬ್ರೋಕರ್‌ಗಳಿಗೆ ಹಂಚುವುದು ರಾತ್ರಿ. ಆಮೇಲೆ ಬ್ರೋಕರ್ ತನ್ನ ಗ್ರಾಹಕರಲ್ಲಿ ಯಾರಿಗೆ ಅಂತ ಆರಿಸುತ್ತಾರೆ. ಹಾಗಾಗಿ ನನಗೆ ಸಂದೇಶ ಬಂದಿದ್ದು ಗುರುವಾರ ಬೆಳಿಗ್ಗೆ, ಮಾರುಕಟ್ಟೆ ತೆರೆಯುವ ಮುಂಚೆ. ಅಷ್ಟರಲ್ಲಿ ಕಾಲ್ ಇರಲಿಲ್ಲ, ಷೇರೂ ಇರಲಿಲ್ಲ, 5,000 ಡಾಲರ್ ಬಂದಿತ್ತು. ಕಾಲ್ ಮಾರಿದಾಗ ಸಿಕ್ಕ ಪ್ರೀಮಿಯಂ ನನ್ನದೇ.

ಗಮನಿಸಬೇಕಾದದ್ದು ತಾರೀಕು. ಷೇರು ಮಾರಾಟ ದಾಖಲಾಗಿದ್ದು ಬುಧವಾರದ ಲೆಕ್ಕಕ್ಕೆ, ಸೆಟಲ್ ಆಗಿದ್ದು ಗುರುವಾರ. ಅದಕ್ಕೇ ಡಿವಿಡೆಂಡ್ ನನಗೆ ಬರಲಿಲ್ಲ. ಷೇರು ಇಲ್ಲದೆ ಕಾಲ್ ಮಾರಿದವರಿಗೆ ಇದು ಇನ್ನೂ ಜಾಸ್ತಿ ಕಷ್ಟ. ಬೆಳಿಗ್ಗೆ ಖಾತೆಯಲ್ಲಿ ಮೈನಸ್ 100 ಷೇರು ಕಾಣುತ್ತದೆ. ತಕ್ಷಣ ಕೊಂಡು ಸರಿಮಾಡಿದರೂ ಡಿವಿಡೆಂಡ್ ಮೊತ್ತ ಅವರೇ ಕಟ್ಟಬೇಕು. ತಪ್ಪಿಸಿಕೊಳ್ಳಲು ಕಾಲ್ ವಾಪಸ್ ಕೊಳ್ಳಬೇಕಿದ್ದರೆ ಬುಧವಾರ ಮಾರುಕಟ್ಟೆ ಮುಚ್ಚುವುದರೊಳಗೆ ಕೊಳ್ಳಬೇಕು.