26 ಪುಟದ ವಿದ್ಯಾರ್ಥಿವೇತನ ಅಧಿಸೂಚನೆಗೆ ಚೆಕ್‌ಲಿಸ್ಟ್ ಮಾಡಿದ್ದೇನೆ, ಆದ್ರೂ ಉತ್ತರ ಹೊಂದುತ್ತಿಲ್ಲ

ಪುಟತಿರುವು:
ಎಲ್ಲರಿಗೂ ನಮಸ್ಕಾರ. ಕಾಲೇಜಿನ ಮಕ್ಕಳಿಗಾಗಿ ಒಂದು ಅಧಿಸೂಚನೆಯನ್ನು ಓದಿ ಒಂದು ಪುಟಕ್ಕೆ ಇಳಿಸಿದ್ದೇನೆ. ಇಡೀ ವಾರಾಂತ್ಯ ಇದಕ್ಕೇ ಹೋಯಿತು. ಪಟ್ಟಿ ಹೀಗಿದೆ:

- ವಯಸ್ಸು 25ರ ಒಳಗೆ
- ಅಂಕ ಶೇ. 60
- ಆದಾಯ ಪ್ರಮಾಣಪತ್ರ, ಅಂಕಪಟ್ಟಿ, ವ್ಯಾಸಂಗ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್
- ಕೊನೆ ದಿನ 31-10-2025

ಎಲ್ಲದಕ್ಕೂ ಟಿಕ್ ಹಾಕಿದ್ದ ಹುಡುಗಿಯ ಅರ್ಜಿ ವಾಪಸ್ ಬಂದಿದೆ. ಶೇ. 57 ತೆಗೆದ ಹುಡುಗ "ನಾನೂ ಅರ್ಹ" ಅಂತ ವಾದ ಮಾಡುತ್ತಿದ್ದಾನೆ. ಇದರಲ್ಲಿ ತಪ್ಪು ಎಲ್ಲಿದೆ? ದಯವಿಟ್ಟು ಬೇಗ ಹೇಳಿ, ತಲೆ ಕೆಟ್ಟುಹೋಗಿದೆ.

ಅಕ್ಷರಯಂತ್ರ:
ಇದು ಫಾಂಟ್ ಸಮಸ್ಯೆ. ಹಳೆ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಮಾಡಿದ ಪಿಡಿಎಫ್‌ನಿಂದ ಕಾಪಿ ಮಾಡಿದರೆ ಯುನಿಕೋಡ್ ಬರುವುದಿಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಆಗ ಹುಡುಕಾಟವೂ ಕೆಲಸ ಮಾಡಲ್ಲ, ಷರತ್ತುಗಳು ಕೈತಪ್ಪುತ್ತವೆ. ಪುಟಗಳನ್ನು ಚಿತ್ರ ಮಾಡಿ ಓದಿಸಿ:

```
pdftoppm -r 300 -png adhisuchane.pdf puta
tesseract puta-07.png puta07 -l kan+eng
```

ಪುಟತಿರುವು:
ಪಿಡಿಎಫ್ ಚೆನ್ನಾಗಿಯೇ ಇದೆ. ಕಣ್ಣಲ್ಲೇ ಓದಿ ಟೈಪ್ ಮಾಡಿದ್ದು.

ಅಕ್ಷರಯಂತ್ರ:
ಕಣ್ಣಲ್ಲಿ ಓದಿದರೂ ಸ್ಕ್ಯಾನ್ ಮಸುಕಾಗಿದ್ದರೆ ೬ ಮತ್ತು ೯ ಅದಲುಬದಲಾಗುತ್ತವೆ. ಶೇ. 60 ಅನ್ನೋದು ನಿಜಕ್ಕೂ 60 ಹೌದಾ ನೋಡಿ. 300 ಡಿಪಿಐ ಸಾಲದಿದ್ದರೆ 400 ಮಾಡಿ.

ಹಳೇಗುಮಾಸ್ತ:
ಅಂಕಿ ಸರಿಯಾಗಿದೆ ಅಂತಲೇ ಇಟ್ಟುಕೊಳ್ಳೋಣ. ಮೇಡಂ ಅಥವಾ ಸರ್, ಮೂರು ವಿಷಯ ನೀವು ಬರೆದಿಲ್ಲ. ಒಂದು, ಅಧಿಸೂಚನೆ ಹೊಸ ಅರ್ಜಿಗೆ ಮಾತ್ರವೋ ನವೀಕರಣಕ್ಕೂ ಸೇರಿಯೋ? ಎರಡು, ವಯಸ್ಸನ್ನು ಯಾವ ದಿನಕ್ಕೆ ಲೆಕ್ಕ ಹಾಕಬೇಕು? ಮೂರು, ಆಮೇಲೆ ತಿದ್ದೋಲೆ ಏನಾದರೂ ಬಂದಿದೆಯೋ? ಇವು ಗೊತ್ತಾಗದೆ ನಾವು ಹೇಳೋದೆಲ್ಲ ಬರೀ ಊಹೆ.

ದಾಖಲೆಪೆಟ್ಟಿಗೆ:
ಆ ಹುಡುಗಿಯ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುತ್ತೆ, ಅಷ್ಟೇ. ಚಾಲ್ತಿಯಲ್ಲಿರೋ ಪ್ರಮಾಣಪತ್ರ ಕೊಟ್ಟರೆ ಯಾರೂ ವಾಪಸ್ ಕಳಿಸಲ್ಲ.

ಪುಟತಿರುವು:
ಮೇಡಂ ಅಂತಲೇ ಕರೀರಿ. ಅವಳ ಪ್ರಮಾಣಪತ್ರ ಚಾಲ್ತಿಯಲ್ಲಿದೆ, ನೋಡಿದ್ದೇನೆ. 12-2-2025ರಂದು ಕೊಟ್ಟಿದ್ದು, ಇನ್ನೂ ಅವಧಿ ಇದೆ.

ಅಧಿಸೂಚನೆ ಎರಡಕ್ಕೂ ಸೇರಿದೆ. ಅದು ಗೊತ್ತೇ ಇರುತ್ತೆ ಅಂತ ಬರೆಯಲಿಲ್ಲ. ವಯಸ್ಸಿನ ಷರತ್ತು ಹೀಗಿದೆ: "ಹೊಸದಾಗಿ ಅರ್ಜಿ ಸಲ್ಲಿಸುವವರು 1-7-2025ಕ್ಕೆ 25 ವರ್ಷ ಪೂರೈಸಿರತಕ್ಕದ್ದಲ್ಲ". ಅಂಕದ ಷರತ್ತಿನ ಕೊನೆಯಲ್ಲಿ "ಪರಂತು, ನವೀಕರಣದ ಅರ್ಜಿಗಳಿಗೆ 14(ಸಿ) ಅನ್ವಯಿಸತಕ್ಕದ್ದು" ಅಂತ ಇದೆ. 14(ಸಿ)ಯಲ್ಲಿ ಹಿಂದಿನ ವರ್ಷದ ಎಲ್ಲ ವಿಷಯ ಪಾಸಾಗಿರಬೇಕು ಅಂತ ಮಾತ್ರ ಇದೆ, ಶೇಕಡಾವಾರು ಇಲ್ಲ. ತಿದ್ದೋಲೆಯೂ ಒಂದಿದೆ, ಒಂದೇ ಪುಟ.

ಹಳೇಗುಮಾಸ್ತ:
ಹಾಗಾದ್ರೆ 57ರ ಹುಡುಗನ ಗೊಂದಲ ಮುಗಿಯಿತು. ಅವನು ನವೀಕರಣದವನಾಗಿದ್ದು, ಎಲ್ಲ ವಿಷಯ ಪಾಸಾಗಿದ್ದರೆ ಅಂಕದ ಮಟ್ಟಿಗೆ ಅವನು ಹೇಳಿದ್ದೇ ಸರಿ. ನಿಮ್ಮ ಪಟ್ಟಿಯಲ್ಲಿ ಹೊಸಬರು, ಹಳಬರು ಬೆರೆತುಹೋಗಿದ್ದಾರೆ. ಮೊದಲ ಪ್ರಶ್ನೆಯೇ "ಹೊಸ ಅರ್ಜಿಯಾ, ನವೀಕರಣವಾ?" ಅಂತ ಇರಲಿ. ಅಲ್ಲಿಂದ ಎರಡು ಬೇರೆ ಪಟ್ಟಿ ಮಾಡಿ. ಒಂದೇ ಪಟ್ಟಿಗೆ "ಅನ್ವಯಿಸಿದರೆ ಮಾತ್ರ" ಅಂತ ಸೇರಿಸುತ್ತಾ ಹೋದರೆ ಮಕ್ಕಳು ತಮಗೆ ಅನುಕೂಲವಾಗೋ ಹಾಗೆ ಓದಿಕೊಳ್ಳುತ್ತಾರೆ.

"ಪರಂತು" ಬಂದ ವಾಕ್ಯವನ್ನು ಎಂದೂ ಬಿಡಬೇಡಿ. "ಹೊರತುಪಡಿಸಿ", "ಒಳಪಟ್ಟು", "ಮೇಲ್ಕಂಡ" ಇವೂ ಅದೇ ಜಾತಿ. ಅವು ಯಾವ ಷರತ್ತಿಗೆ ಅಂಟಿಕೊಂಡಿವೆಯೋ ಆ ಪ್ರಶ್ನೆಯೊಳಗೇ ಬರಬೇಕು. ಬೇರೆ ಟಿಪ್ಪಣಿಯಾಗಿ ಪುಟದ ಕೆಳಗೆ ಹಾಕಿದರೆ ಯಾರೂ ಓದಲ್ಲ. ಇನ್ನೊಂದು ಪುಟಕ್ಕೆ ಕಳಿಸುವ ಸಂಖ್ಯೆ ಇದ್ದರೆ ಅಲ್ಲಿಗೆ ಹೋಗಿ, ಅಲ್ಲಿನ ಮಾತನ್ನೇ ತಂದು ಇಲ್ಲಿ ಬರೆಯಿರಿ. "14(ಸಿ) ನೋಡಿ" ಅಂತ ಚೆಕ್‌ಲಿಸ್ಟ್‌ನಲ್ಲಿ ಇರಲೇಬಾರದು.

ಈಗ ಆ ಹುಡುಗಿಯ ವಿಷಯ. ಆದಾಯ ಪ್ರಮಾಣಪತ್ರದ ಸಾಲನ್ನು ಪದಶಃ ಇಲ್ಲಿ ಹಾಕಿ. ಅನುಬಂಧದಲ್ಲೂ ಹುಡುಕಿ, ದಾಖಲೆಗಳ ನಿಜವಾದ ಷರತ್ತು ಸಾಮಾನ್ಯವಾಗಿ ಅಲ್ಲೇ ಇರುತ್ತೆ.

ದಾಖಲೆಪೆಟ್ಟಿಗೆ:
ನಾನು ಹೇಳಿದ್ದೇ ಅಲ್ವಾ, ಪ್ರಮಾಣಪತ್ರದ್ದೇ ತೊಂದರೆ.

ಪುಟತಿರುವು:
ಅನುಬಂಧ 2ರಲ್ಲಿ ಸಿಕ್ಕಿತು: "1-4-2025ರಂದು ಅಥವಾ ನಂತರ ನೀಡಲಾದ ಆದಾಯ ಪ್ರಮಾಣಪತ್ರ".

ಹಳೇಗುಮಾಸ್ತ:
ಅಲ್ಲಿದೆ ನೋಡಿ. ದಾಖಲೆಪೆಟ್ಟಿಗೆಯವರು ಪ್ರಮಾಣಪತ್ರ ಅಂದದ್ದು ಸರಿ, ಕಾರಣ ಮಾತ್ರ ಬೇರೆ. ಪತ್ರದ ಮೇಲೆ ಎರಡು ದಿನಾಂಕ ಇರುತ್ತವೆ: ಕೊಟ್ಟ ದಿನ, ಅವಧಿ ಮುಗಿಯುವ ದಿನ. ಈ ಅಧಿಸೂಚನೆ ಕೇಳುತ್ತಿರುವುದು ಕೊಟ್ಟ ದಿನವನ್ನು. ಫೆಬ್ರವರಿಯದು ಚಾಲ್ತಿಯಲ್ಲಿದ್ದರೂ ಇಲ್ಲಿಗೆ ನಡೆಯಲ್ಲ. ಅವಳು ತಕ್ಷಣ ಹೊಸದಕ್ಕೆ ಅರ್ಜಿ ಹಾಕಲಿ. ಅದು ಕೈಗೆ ಬರಲು ಹಿಡಿಯುವ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹಾಗಾಗಿ ಪ್ರತಿ ಸಾಲಿಗೂ ಅದರದೇ ದಿನಾಂಕ ಇರಬೇಕು. ನಾನು ಬರೆಯೋದು ಹೀಗೆ:

"1-7-2025ಕ್ಕೆ ನಿಮ್ಮ ವಯಸ್ಸು 25ಕ್ಕಿಂತ ಕಡಿಮೆ ಇತ್ತೇ? ತೋರಿಸುವ ದಾಖಲೆ: ಹತ್ತನೇ ತರಗತಿ ಅಂಕಪಟ್ಟಿ. ಪುಟ 4, ಷರತ್ತು 3."

"ನಿಮ್ಮ ಆದಾಯ ಪ್ರಮಾಣಪತ್ರ ಕೊಟ್ಟ ದಿನ 1-4-2025 ಅಥವಾ ನಂತರವೇ? ಅನುಬಂಧ 2."

ಹೌದು, ಇಲ್ಲ ಅಂತ ಉತ್ತರ ಬರಬೇಕು. ಎರಡೂ ಬರಬಹುದು ಅನಿಸಿದರೆ ಆ ಪ್ರಶ್ನೆಯನ್ನು ಇನ್ನೂ ಒಡೆಯಬೇಕು. ಪುಟ ಸಂಖ್ಯೆ ಬಿಡಬೇಡಿ. ಕಚೇರಿಯಲ್ಲಿ ವಾದ ಬಂದಾಗ ಮಗು ಆ ಪುಟ ತೆಗೆದು ತೋರಿಸಬಹುದು.

ಕೋಷ್ಟಕಪ್ರಿಯೆ:
ವಯಸ್ಸನ್ನು ಕೈಯಲ್ಲಿ ಲೆಕ್ಕ ಹಾಕಬೇಡಿ ಮೇಡಂ. B2ನಲ್ಲಿ ಹುಟ್ಟಿದ ದಿನ ಹಾಕಿ, ಪಕ್ಕದಲ್ಲಿ ಇದನ್ನು:

```
=IF(DATEDIF(B2,DATE(2025,7,1),"Y")<25,"ಅರ್ಹ","ಅಲ್ಲ")
```

ನಾನು ಇಂಥ ಹದಿನೈದು ಅಧಿಸೂಚನೆಗಳಿಗೆ ಒಂದೇ ಶೀಟ್ ಇಟ್ಟಿದ್ದೇನೆ. ಕೊನೆ ದಿನ ಹತ್ತಿರವಾದರೆ ಸಾಲು ತಾನಾಗೇ ಕೆಂಪಾಗುತ್ತೆ, ಕ್ಯಾಲೆಂಡರ್‌ಗೂ ಜೋಡಿಸಿದ್ದೇನೆ. ಎರಡು ಮಾನಿಟರ್ ಇದ್ದರೆ ಒಂದರಲ್ಲಿ ಪಿಡಿಎಫ್, ಇನ್ನೊಂದರಲ್ಲಿ ಶೀಟ್. ತುಂಬಾ ಆರಾಮ.

ಅಕ್ಷರಯಂತ್ರ:
ನನ್ನದು ನಿಲ್ಲಿಸಿಟ್ಟ ಮಾನಿಟರ್. ಎ4 ಪುಟ ಪೂರ್ತಿ ಕಾಣುತ್ತೆ. ಓಸಿಆರ್ ಫಲಿತಾಂಶ ತಾಳೆ ನೋಡಲು ಅದಕ್ಕಿಂತ ಒಳ್ಳೆಯದಿಲ್ಲ.

ಕಂತುಬಂದಿಲ್ಲ:
ಅಣ್ಣಂದಿರೇ, ನನಗೆ ಹೋದ ವರ್ಷದ ವಿದ್ಯಾರ್ಥಿವೇತನ ಮಂಜೂರು ಅಂತ ತೋರಿಸುತ್ತೆ, ಖಾತೆಗೆ ಬಂದಿಲ್ಲ. ನಾನೂ ಪಾಸ್‌ಬುಕ್ ಕೊಟ್ಟಿದ್ದೆ. ಚೆಕ್‌ಲಿಸ್ಟ್‌ನಲ್ಲಿ ಏನು ಬಿಟ್ಟಿರಬಹುದು?

ಹಳೇಗುಮಾಸ್ತ:
ತಮ್ಮಾ, ಹಣ ಆಧಾರ್ ಮೂಲಕ ಬರೋ ಯೋಜನೆಯಾದರೆ ನೀನು ಕೊಟ್ಟ ಪಾಸ್‌ಬುಕ್‌ನ ಖಾತೆಗೇ ಬರಬೇಕೆಂದಿಲ್ಲ. ಆಧಾರ್ ಕೊನೆಯದಾಗಿ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತೆ. ಬೇರೆ ಬ್ಯಾಂಕಿನ ಹಳೆ ಖಾತೆ ಇದ್ದರೆ ಮೊದಲು ಅದನ್ನು ನೋಡು. ಜಾಸ್ತಿ ವಿವರಕ್ಕೆ ಬೇರೆ ಎಳೆ ತೆರೆ, ಇಲ್ಲಿ ಕಲಸುಮೇಲೋಗರ ಆಗುತ್ತೆ.

ಪುಟತಿರುವು:
ಕೋಷ್ಟಕಪ್ರಿಯೆ ಅವರೇ, ಸೂತ್ರ ಹಾಕಿದೆ. 2-7-2000ರಂದು ಹುಟ್ಟಿದ ಒಬ್ಬ ಹೊಸ ಅರ್ಜಿದಾರ ಇದ್ದಾನೆ. "ಅರ್ಹ" ಅಂತ ಬಂತು. ಒಂದೇ ದಿನದಲ್ಲಿ ಉಳಿದುಕೊಂಡ!

ಹಳೇಗುಮಾಸ್ತ:
ಅವನಿಗೆ ಇನ್ನೂ ಭರವಸೆ ಕೊಡಬೇಡಿ. 1986ರಲ್ಲಿ ಸುಪ್ರೀಂ ಕೋರ್ಟ್ ಪ್ರಭುದಯಾಳ್ ಸೆಸ್ಮಾ ಪ್ರಕರಣದಲ್ಲಿ ಇಂಥದ್ದೇ ಪ್ರಶ್ನೆ ನೋಡಿದೆ. ಅದು ನೇಮಕಾತಿಯ ವಿಷಯ. ಅಭ್ಯರ್ಥಿ ಹುಟ್ಟಿದ್ದು 2-1-1956. 1-1-1984ಕ್ಕೆ 28 ತುಂಬಿರಬಾರದು ಅಂತ ನಿಯಮ. ಹುಟ್ಟಿದ ದಿನವನ್ನೂ ಪೂರ್ತಿ ಒಂದು ದಿನ ಅಂತ ಎಣಿಸಿ, ಹುಟ್ಟುಹಬ್ಬದ ಹಿಂದಿನ ದಿನಕ್ಕೇ ವರ್ಷ ತುಂಬಿತು ಅಂತ ಕೋರ್ಟ್ ಹೇಳಿತು. ಅವರು ಹೊರಗಾದರು. ಅದೇ ಲೆಕ್ಕ ಹಿಡಿದರೆ ನಿಮ್ಮ ಹುಡುಗನಿಗೂ 1-7-2025ಕ್ಕೆ 25 ತುಂಬಿತು.

ಕೋಷ್ಟಕಪ್ರಿಯೆ:
ಇದು ಒಪ್ಪೋಕಾಗಲ್ಲ ಸರ್. ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯ 2025ರ ಅಧಿಸೂಚನೆ ನೋಡಿ. 1-8-2025ಕ್ಕೆ 32 ತುಂಬಿರಬಾರದು, ಅಂದ್ರೆ 2-8-1993ಕ್ಕಿಂತ ಮೊದಲು ಹುಟ್ಟಿರಬಾರದು ಅಂತ ಅವರೇ ಬರೆದಿದ್ದಾರೆ. 2ನೇ ತಾರೀಖು ಹುಟ್ಟಿದವರು ಒಳಗೇ ಇದ್ದಾರೆ. ನನ್ನ ಸೂತ್ರವೂ ಅದನ್ನೇ ಹೇಳುತ್ತೆ.

ಹಳೇಗುಮಾಸ್ತ:
ಅಲ್ಲಿ ಹುಟ್ಟಿದ ದಿನಾಂಕವನ್ನೇ ಬಿಡಿಸಿ ಬರೆದಿದ್ದಾರೆ, ಹಾಗಾಗಿ ತಕರಾರಿಲ್ಲ. ಮೇಡಂ ಅವರ ಅಧಿಸೂಚನೆಯಲ್ಲಿ ಅಂಥ ಸಾಲು ಇದ್ದರೆ ಅದೇ ಕೊನೆ ಮಾತು. ಇಲ್ಲದಿದ್ದರೆ ಆ ಒಂದು ದಿನಕ್ಕೆ ಹುಟ್ಟಿದವರ ಎದುರು "ಬರೆದು ಕೇಳಿ ಖಚಿತಪಡಿಸಿಕೊಳ್ಳಬೇಕು" ಅಂತ ಹಾಕಿ. ಶೀಟ್‌ಗೆ "ಅರ್ಹ", "ಅಲ್ಲ" ಎರಡೇ ಸಾಲದು, ಮೂರನೇ ಉತ್ತರವೂ ಬೇಕು.

ಪುಟತಿರುವು:
ಹುಟ್ಟಿದ ದಿನಾಂಕ ಬಿಡಿಸಿ ಬರೆದ ಸಾಲು ಎಲ್ಲೂ ಇಲ್ಲ. ಅರ್ಜಿ ಹಾಕು, ಜೊತೆಗೆ ಇಮೇಲ್‌ನಲ್ಲೂ ಕೇಳೋಣ ಅಂತ ಹುಡುಗನಿಗೆ ಹೇಳಿದ್ದೇನೆ.

ತಿದ್ದೋಲೆ ಈಗ ಸರಿಯಾಗಿ ನೋಡಿದೆ: "ವಿದ್ಯಾರ್ಥಿಗಳು ಅರ್ಜಿ ಸಲ್ಲಿಸುವ ಕೊನೆಯ ದಿನಾಂಕವನ್ನು 31-10-2025ರ ಬದಲಾಗಿ 15-11-2025 ಎಂದು ಓದಿಕೊಳ್ಳತಕ್ಕದ್ದು". ಹಾಗಾದ್ರೆ ವಯಸ್ಸಿನ ದಿನವೂ ಹದಿನೈದು ದಿನ ಮುಂದೆ ಹೋಯಿತಾ?

ದಾಖಲೆಪೆಟ್ಟಿಗೆ:
ಹೋಗುತ್ತೆ, ಎಲ್ಲ ದಿನಾಂಕವೂ ಒಟ್ಟಿಗೇ ಮುಂದೆ ಹೋಗುತ್ತೆ.

ಹಳೇಗುಮಾಸ್ತ:
ಇಲ್ಲ. ವಯಸ್ಸಿಗೆ 1-7-2025 ಅಂತ ದಿನಾಂಕವನ್ನೇ ನಮೂದಿಸಿದ್ದಾರೆ, ತಿದ್ದೋಲೆ ಅದನ್ನು ಮುಟ್ಟಿಲ್ಲ. ಆದಾಯ ಪ್ರಮಾಣಪತ್ರದ 1-4-2025 ಕೂಡ ಹಾಗೇ. "ಅರ್ಜಿಯ ಕೊನೆ ದಿನಕ್ಕೆ ವಯಸ್ಸು" ಅಂತ ಇದ್ದಿದ್ದರೆ ಮಾತ್ರ ಯೋಚಿಸಬೇಕಿತ್ತು.

ಕಾಲೇಜಿನ ಪರಿಶೀಲನೆಗೆ ಕೊನೆ ದಿನ ಯಾವುದು? ಅದನ್ನು ನೀವು ಪಟ್ಟಿಯಲ್ಲಿ ಬರೆದೇ ಇಲ್ಲ. ಮಗು ಸಲ್ಲಿಸಿದರೂ ಕಾಲೇಜು ಒಪ್ಪಿ ಮುಂದೆ ಕಳಿಸದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತೆ.

ಪುಟತಿರುವು:
ಅದು ಪುಟ 22ರಲ್ಲಿದೆ, ಕಾಲೇಜುಗಳಿಗೆ ಕೊಟ್ಟ ಸೂಚನೆಯಲ್ಲಿ. 15-11-2025. ತಿದ್ದೋಲೆಯಲ್ಲಿ ಅದನ್ನು ಬದಲಾಯಿಸಿಲ್ಲ! ಅಂದ್ರೆ ಎರಡೂ ಒಂದೇ ದಿನ. ಸಂಜೆ ಸಲ್ಲಿಸಿದವರ ಅರ್ಜಿಯನ್ನು ಯಾವಾಗ ಪರಿಶೀಲಿಸೋದು?

ಹಳೇಗುಮಾಸ್ತ:
ಇನ್ನೊಂದು ತಿದ್ದೋಲೆ ಬರಬಹುದು, ಬರದೆಯೂ ಇರಬಹುದು. ಬರುತ್ತೆ ಅಂತ ನಂಬಿ ಕೂರಬೇಡಿ. ಚೆಕ್‌ಲಿಸ್ಟ್‌ನಲ್ಲಿ ಸರ್ಕಾರಿ ದಿನಾಂಕ ಬರೆದು, ಅದರ ಕೆಳಗೆ "ನಮ್ಮ ಕಾಲೇಜಿಗೆ ಕೊಡಬೇಕಾದ ದಿನ" ಅಂತ ಇನ್ನೊಂದು ಹಾಕಿ. ಎರಡನ್ನೂ ಬೇರೆ ಬೇರೆಯಾಗಿ ತೋರಿಸಿ. ನಿಮ್ಮ ಒಳಗಿನ ದಿನಾಂಕವನ್ನೇ ಸರ್ಕಾರಿ ಕೊನೆ ದಿನ ಅಂತ ಬರೆದರೆ, ತಡವಾದ ಮಗು ಅವಕಾಶ ಇದ್ದರೂ ಕೈಚೆಲ್ಲಿ ಕೂರುತ್ತೆ.

ಪುಟತಿರುವು:
31-10ನ್ನೇ ನಮ್ಮ ಒಳಗಿನ ದಿನ ಅಂತ ಇಡುತ್ತೇನೆ. ಹೊಸ ಅರ್ಜಿಗೊಂದು, ನವೀಕರಣಕ್ಕೊಂದು, ಎರಡು ಪುಟ ಮಾಡುತ್ತಿದ್ದೇನೆ. ಮೇಲ್ಗಡೆ "15-11ರ ತಿದ್ದೋಲೆ ಸೇರಿಸಿ ಮಾಡಿದ್ದು" ಅಂತಲೂ ಬರೆಯುತ್ತೇನೆ, ಇಲ್ಲದಿದ್ದರೆ ಹಳೆ ಪ್ರತಿ ವಾಟ್ಸಾಪ್‌ನಲ್ಲಿ ಓಡಾಡುತ್ತಲೇ ಇರುತ್ತೆ. 2-7ರ ಹುಡುಗನ ಬಗ್ಗೆ ಇಮೇಲ್ ಕಳಿಸಿ ಆಯಿತು, ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ.

ಅಕ್ಷರಯಂತ್ರ:
ಆ ಪುಟ 22 ಸ್ಕ್ಯಾನ್ ಆಗಿದ್ದರೆ ಒಮ್ಮೆ ಕಳಿಸಿ ಮೇಡಂ. ಅಲ್ಲಿರೋದು 15 ಹೌದೋ 25ಓ ಓದಿಸಿ ನೋಡೋಣ.