ನಡೆಯ ಮುಂದಿನ ನೃತ್ಯಸೇವೆ: ಕ್ಯಾಮೆರಾ ಎಲ್ಲಿ ನಿಲ್ಲಬೇಕು, ಹಸ್ತಗಳನ್ನು ಹೇಗೆ ಹಿಡಿಯಬೇಕು?

ಪ್ರಶ್ನೆ (ಬದಿಯಡ್ಕದ ಒಬ್ಬ ವಿಡಿಯೋಗ್ರಾಫರ್): ನಾನು ಮದುವೆ, ಉಪನಯನಗಳ ಚಿತ್ರೀಕರಣ ಮಾಡುವವನು. ನಮ್ಮೂರಿನ ಗಣಪತಿ ದೇವಸ್ಥಾನದಲ್ಲಿ ಸಂಜೆಯ ದೀಪಾರಾಧನೆಯ ಬಳಿಕ ಒಬ್ಬ ಹುಡುಗಿಯ ಭರತನಾಟ್ಯ ಸೇವೆಯಿದೆ. ಒಂಬತ್ತು ನಿಮಿಷದ ಸೇವೆ; ಮೊದಲು ಪುಷ್ಪಾಂಜಲಿ, ನಂತರ ಗಣಪತಿ ಸ್ತುತಿ. ದೇವರು ಪೂರ್ವಾಭಿಮುಖ, ಹುಡುಗಿ ಒಳಾಂಗಣದಲ್ಲಿ ದೇವರ ಕಡೆಗೆ ಮುಖ ಮಾಡಿ ಕುಣಿಯುತ್ತಾಳೆ. ದೇವರಿಗೂ ಅವಳಿಗೂ ನಡುವೆ ಯಾರೂ ನಿಲ್ಲಬಾರದು, ಗರ್ಭಗುಡಿಯ ಒಳಗು ಚಿತ್ರದಲ್ಲಿ ಬರಬಾರದು ಎಂದು ತಂತ್ರಿಗಳು ಹೇಳಿದ್ದಾರೆ. ನನ್ನಲ್ಲಿ ಎರಡು ಕ್ಯಾಮೆರಾ ಇವೆ. ಎಲ್ಲಿ ಇಡಲಿ? ಕೈಮುದ್ರೆಗಳ ಕ್ಲೋಸಪ್ ಯಾವಾಗ ತೆಗೆಯಲಿ?

ಉತ್ತರ (ಛಾಯಾಗ್ರಾಹಕರು, ಮಂಗಳೂರು, ಹುಟ್ಟೂರು ಕುಂಬಳೆ): ಎರಡೂ ಕ್ಯಾಮೆರಾಗಳನ್ನು ಉತ್ತರದ ಸುತ್ತುಪೌಳಿಯ ಜಗಲಿಯ ಮೇಲೆ, ಹುಡುಗಿಗಿಂತ ಪಶ್ಚಿಮಕ್ಕೆ ಸರಿಸಿ ಇಡಿ. ಅಂದರೆ ಅವಳ ಮುಖದ ನೇರದಿಂದ ಸುಮಾರು 45 ಡಿಗ್ರಿ ಬಲಕ್ಕೆ. ಅವಳು ನಿಂತ ಜಾಗದಿಂದ ಪೌಳಿ ನಾಲ್ಕು ಮೀಟರ್ ದೂರವಿದ್ದರೆ, ಅಲ್ಲಿಂದ ದೇವರ ದಿಕ್ಕಿಗೆ ಇನ್ನೂ ನಾಲ್ಕು ಮೀಟರ್ ಸರಿದಾಗ ಈ ಕೋನ ಸಿಗುತ್ತದೆ. ಕ್ಯಾಮೆರಾದಿಂದ ಅವಳಿಗೆ ಐದೂವರೆ ಮೀಟರಿನಷ್ಟು ಅಂತರವಿರುತ್ತದೆ. ಅಲ್ಲಿಂದ ಕ್ಯಾಮೆರಾ ಆಗ್ನೇಯಕ್ಕೆ ನೋಡುವುದರಿಂದ ಗರ್ಭಗುಡಿ ಚೌಕಟ್ಟಿನೊಳಗೆ ಬರುವ ಪ್ರಶ್ನೆಯೇ ಇಲ್ಲ, ಹಿನ್ನೆಲೆಯಲ್ಲಿ ಎದುರಿನ ಪೌಳಿಯ ಕಂಬಗಳೂ ಸಾಲುದೀಪಗಳೂ ಸಿಗುತ್ತವೆ. ತಂತ್ರಿಗಳ ಎರಡು ನಿಬಂಧನೆಗಳೂ ಇದೊಂದರಲ್ಲೇ ಮುಗಿಯುತ್ತವೆ.

ಎರಡೂ ಕ್ಯಾಮೆರಾ ಒಂದೇ ಮಗ್ಗುಲಲ್ಲಿ ಏಕೆ ಎಂಬುದನ್ನು ನನ್ನದೇ ತಪ್ಪಿನಿಂದ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ಇಂತಹುದೇ ಒಂದು ಸೇವೆಗೆ ನಾನು ಉತ್ತರಕ್ಕೊಂದು, ದಕ್ಷಿಣಕ್ಕೊಂದು ಕ್ಯಾಮೆರಾ ಇಟ್ಟಿದ್ದೆ. ಸಂಕಲನಕ್ಕೆ ಕುಳಿತಾಗ ಒಂದು ತುಣುಕಿನಲ್ಲಿ ನರ್ತಕಿ ಪರದೆಯ ಬಲಕ್ಕೆ ಕೈಮುಗಿಯುತ್ತಿದ್ದಳು, ಮರುಕ್ಷಣದಲ್ಲಿ ಎಡಕ್ಕೆ. ನೋಡಿದವರಿಗೆ ಅವಳು ದೇವರಿಗೆ ಬೆನ್ನು ಹಾಕಿ ಯಾರಿಗೋ ನಮಸ್ಕರಿಸಿದಂತೆ ಕಂಡಿತು. ದೇವರು ಚಿತ್ರದಲ್ಲಿ ಕಾಣಿಸದಿರುವಾಗ ದೇವರಿರುವ ದಿಕ್ಕನ್ನು ಹೇಳುವುದು ಅವಳ ಮುಖವೊಂದೇ. ಉತ್ತರದ ಪೌಳಿಯಿಂದ ತೆಗೆದರೆ ದೇವರು ಮೊದಲಿಂದ ಕೊನೆಯವರೆಗೆ ಪರದೆಯ ಬಲಗಡೆ ಇರುತ್ತಾನೆ. ದಕ್ಷಿಣದ ಅಂಗಣದಲ್ಲಿ ಸಪ್ತಮಾತೃಕೆಯರ ಬಲಿಕಲ್ಲುಗಳ ಸಾಲು ಇರುವುದರಿಂದ ಟ್ರೈಪಾಡಿನ ಕಾಲಿಗೆ ಆ ಬದಿಯಲ್ಲಿ ಹೇಗೂ ಜಾಗ ಕಡಿಮೆ.

ಮೊದಲ ಕ್ಯಾಮೆರಾಕ್ಕೆ 50 ಮಿಲಿಮೀಟರ್ ಲೆನ್ಸ್ ಸಾಕು. ಈ ದೂರದಲ್ಲಿ ಎತ್ತಿದ ಕೈಯಿಂದ ಗೆಜ್ಜೆಯವರೆಗೆ ಮೈಯೆಲ್ಲ ಹಿಡಿಯುತ್ತದೆ. ಅದನ್ನು ಅವಳ ಸೊಂಟದ ಎತ್ತರದಲ್ಲಿ ಕಟ್ಟಿ, ಒಂಬತ್ತು ನಿಮಿಷವೂ ಮುಟ್ಟದೆ ಬಿಡಿ. ಮೇಲಿನಿಂದ ನೋಡಿದರೆ ಅರೆಮಂಡಿ ಇನ್ನಷ್ಟು ಕುಗ್ಗಿದಂತೆ ಕಾಣುತ್ತದೆ, ಕುಣಿದವಳಿಗೆ ಅನ್ಯಾಯವಾಗುತ್ತದೆ.

ಎರಡನೆಯದಕ್ಕೆ 70–200 ಲೆನ್ಸ್ ಹಾಕಿ, ಅದನ್ನು ನೀವೇ ಹಿಡಿಯಿರಿ. 200ರ ತುದಿಯಲ್ಲಿ ನೆತ್ತಿಯಿಂದ ಎದೆಯವರೆಗೆ, ಅಂದರೆ ಮುಖ ಮತ್ತು ಎದೆಯ ಮುಂದಿನ ಕೈ ಒಟ್ಟಿಗೆ ಸಿಗುತ್ತವೆ. ಎಫ್ 4ರಲ್ಲಿ ಸ್ಪಷ್ಟವಾಗಿ ಕಾಣುವ ಆಳ ಹತ್ತೊಂಬತ್ತು ಸೆಂಟಿಮೀಟರಿನಷ್ಟೇ ಇರುತ್ತದೆ. ಪುಷ್ಪಾಂಜಲಿಯಲ್ಲಿ ಅವಳು ಪುಷ್ಪಪುಟ ಹಸ್ತವನ್ನು ಎದೆಯಿಂದ ಮುಂದಕ್ಕೆ ಚಾಚುವಾಗ ಬೆರಳುಗಳು ಆ ಆಳವನ್ನು ದಾಟಿ ಮಸುಕಾಗುತ್ತವೆ. ಕೈಯ ಹಿಂದೆ ಫೋಕಸ್ ಓಡಿಸಲು ಹೋಗಬೇಡಿ. ಹೂ ಬಿಡುವ ಜಾಗಕ್ಕೆ ಮೊದಲೇ ಫೋಕಸ್ ಕಟ್ಟಿಟ್ಟು ಕಾಯಿರಿ. ಕೈ ಮಸುಕಿನಿಂದ ಬಂದು, ಕಿರುಬೆರಳುಗಳು ಒಂದಕ್ಕೊಂದು ಕೂಡಿದ ಬೊಗಸೆಯೂ ತುದಿಬೆರಳಿನ ಅಲ್ತಾದ ಕೆಂಪೂ ತಾವಾಗಿ ಸ್ಪಷ್ಟವಾಗಲಿ. ಮುಖವನ್ನು ಗುರುತಿಸಿ ಫೋಕಸ್ ಮಾಡುವ ಸೌಲಭ್ಯವನ್ನು ಆಗ ಆರಿಸಿಡಿ. ಇಲ್ಲದಿದ್ದರೆ ಕ್ಯಾಮೆರಾ ಕಣ್ಣಿಗೇ ಅಂಟಿಕೊಂಡು ಮುಂದಿನ ಕೈಯನ್ನು ಬಿಟ್ಟುಬಿಡುತ್ತದೆ.

ಕ್ಲೋಸಪ್ ಯಾವಾಗ ಎಂಬುದಕ್ಕೆ ನಾನು ಪಾಲಿಸುವ ಕ್ರಮ ಒಂದೇ. ಜತಿ ನಡೆಯುವಾಗ ಕೈಯ ಕ್ಲೋಸಪ್ ಬೇಡ, ಆಗ ಕೆಲಸ ಮಾಡುತ್ತಿರುವುದು ಕಾಲು. ಸಾಹಿತ್ಯ ಬಂದಾಗ ಹತ್ತಿರ ಹೋಗಿ. ಆದಿತಾಳದ ಎಂಟು ಎಣಿಕೆಗಳು ಮಧ್ಯಮ ವೇಗದಲ್ಲಿ ಸುಮಾರು ಆರು ಸೆಕೆಂಡ್ ಆಗುತ್ತವೆ ಎಂದುಕೊಂಡರೆ, ಒಂದು ಹಸ್ತಕ್ಕೆ ಅರ್ಧ ಆವರ್ತ, ಎಂದರೆ ಮೂರು ಸೆಕೆಂಡ್ ಕೊಡಿ. ಹಸ್ತ ಅರಳುವ ಮೊದಲೇ ಹತ್ತಿರದ ಚೌಕಟ್ಟು ಸಿದ್ಧವಾಗಿರಬೇಕು, ಏಕೆಂದರೆ ಬೆರಳು ಆಕಾರಕ್ಕೆ ಬರುವುದನ್ನು ನೋಡುವುದರಲ್ಲೇ ಅರ್ಥವಿದೆ.

ಬೆಳಕು: ಎಣ್ಣೆದೀಪವೊಂದರಿಂದ ಬೆರಳುಗಳು ಬಿಡಿಬಿಡಿಯಾಗಿ ಕಾಣಿಸುವುದಿಲ್ಲ. ದಕ್ಷಿಣದ ಜಗಲಿಯ ಮೇಲೆ ಹಳದಿ ಛಾಯೆಯ ಒಂದು ಎಲ್ಇಡಿ ದೀಪವನ್ನು ಎತ್ತರದಲ್ಲಿಟ್ಟು, ಅವಳ ಕಡೆಗೆ, ನಡೆಗೆ ತಾಗದಂತೆ ತಿರುಗಿಸಿ. ಕ್ಯಾಮೆರಾದ ಎದುರು ಮಗ್ಗುಲಿಂದ ಬರುವ ಬೆಳಕು ಪ್ರತಿ ಬೆರಳಿಗೂ ಒಂದು ಅಂಚು ಕೊಡುತ್ತದೆ. ವೈಟ್ ಬ್ಯಾಲೆನ್ಸನ್ನು 3200 ಕೆಲ್ವಿನ್‌ಗೆ ಸ್ಥಿರವಾಗಿಡಿ. ಸ್ವಯಂಚಾಲಿತಕ್ಕೆ ಬಿಟ್ಟರೆ ಆರತಿಯ ಜ್ವಾಲೆ ಟ್ಯೂಬ್‌ಲೈಟಿನಂತೆ ಬಿಳಿಚಿಕೊಳ್ಳಬಹುದು. ಸೆಕೆಂಡಿಗೆ 25 ಚೌಕಟ್ಟು, ಶಟರ್ 1/100. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಸಾಮಾನ್ಯ ದೀಪಗಳು ಮಿಣುಕುವುದಿಲ್ಲ, ಬೆರಳೂ ಎಳೆದಂತೆ ಕಾಣುವುದಿಲ್ಲ. ಬಣ್ಣದ ಸರದೀಪಗಳನ್ನು ಮಾತ್ರ ಮುಂಚಿತವಾಗಿ ತೆಗೆದು ನೋಡಿ, ಕೆಲವು ಯಾವ ಶಟರಿಗೂ ಬಗ್ಗುವುದಿಲ್ಲ.

ಅಂಗಿ ಕಳಚಿ ಒಳಗೆ ಹೋಗಬೇಕಲ್ಲ, ಬ್ಯಾಟರಿ, ಕಾರ್ಡುಗಳಿಗೆ ಒಂದು ಬಟ್ಟೆಯ ಸೊಂಟಚೀಲ ಮಾಡಿಸಿಕೊಳ್ಳಿ. ಕ್ಯಾಮೆರಾದ ಪಟ್ಟಿ ಚರ್ಮದ್ದಾಗಿದ್ದರೆ ಬದಲಿಸಿ.

ಪೈವಳಿಕೆಯ ಒಬ್ಬ ಸದಸ್ಯರು: ನಾನು ಹದಿನೈದು ವರ್ಷಗಳಿಂದ ಯಕ್ಷಗಾನ ಬಯಲಾಟಗಳನ್ನು ಚಿತ್ರೀಕರಿಸುತ್ತಿದ್ದೇನೆ. ರಂಗಸ್ಥಳದ ನೇರ ಮುಂದೆ ಒಂದು, ಚೆಂಡೆಯವರ ಬದಿಗೆ ಒಂದು ಇಟ್ಟರೆ ಯಾವ ತೊಂದರೆಯೂ ಇಲ್ಲ. ಬದಿಯಿಂದ ತೆಗೆದರೆ ವೇಷದ ಚಂದವೇ ಹೋಗುತ್ತದೆ. ಎದುರಿನಿಂದಲೇ ತೆಗೆಯಿರಿ.

ಛಾಯಾಗ್ರಾಹಕರು: ಅಣ್ಣ, ಬಯಲಾಟದಲ್ಲಿ ವೇಷ ನೋಡುವುದು ಜನರನ್ನು, ಆದ್ದರಿಂದ ಎದುರು ನಮ್ಮದು. ಇಲ್ಲಿ ಎದುರು ದೇವರದು. ಆ ಜಾಗ ನಮಗೆ ಸಿಗುವುದಿಲ್ಲ ಎಂಬಲ್ಲಿಂದಲೇ ಈ ಯೋಜನೆ ಆರಂಭವಾಗಿದೆ.

ನೀರ್ಚಾಲಿನ ಒಬ್ಬ ನೃತ್ಯ ಶಿಕ್ಷಕಿ: ಕ್ಯಾಮೆರಾದ ವಿಷಯ ನನಗೆ ತಿಳಿಯದು, ಆದರೆ ಕೈಯನ್ನು ಮಾತ್ರ ಕತ್ತರಿಸಿ ತೋರಿಸುವುದಕ್ಕೆ ನನ್ನ ವಿರೋಧವಿದೆ. ಕೈ ಹೋದಲ್ಲಿಗೆ ಕಣ್ಣು ಹೋಗಬೇಕು ಎಂದೇ ನಾವು ಮಕ್ಕಳಿಗೆ ಮೊದಲ ದಿನದಿಂದ ಹೇಳಿಕೊಡುವುದು. ಕಣ್ಣಿಲ್ಲದ ಹಸ್ತಕ್ಕೆ ಅರ್ಥವೇ ಇಲ್ಲ. ಇನ್ನೊಂದು, ಬದಿಯಿಂದ ತೆಗೆದರೆ ಹಸ್ತಗಳು ತಪ್ಪಾಗಿ ಕಾಣುತ್ತವೆ. ನನ್ನ ಶಿಷ್ಯೆಯೊಬ್ಬಳ ವಿಡಿಯೋದಲ್ಲಿ ಕರ್ತರೀಮುಖ ಸೂಚಿಯಂತೆ ಕಂಡು, ನೋಡಿದವರು ಹುಡುಗಿಗೇ ಹಸ್ತ ಬರುವುದಿಲ್ಲ ಎಂದರು.

ಛಾಯಾಗ್ರಾಹಕರು: ಟೀಚರೇ, ಎರಡನೆಯ ಮಾತು ಪೂರ್ತಿ ಸರಿ, ಅದನ್ನು ನಾನು ಮೊದಲೇ ಹೇಳಬೇಕಿತ್ತು. ಕರ್ತರೀಮುಖದ ಬಿಡಿಸಿದ ಎರಡು ಬೆರಳುಗಳು ಕ್ಯಾಮೆರಾದ ನೇರಕ್ಕೆ ಒಂದರ ಹಿಂದೊಂದು ಬಂದರೆ ಒಂದೇ ಬೆರಳಾಗಿ ಕಾಣುತ್ತವೆ. ಗಣಪತಿ ಸ್ತುತಿಯಲ್ಲಿ ಇದಕ್ಕಿಂತ ಹೆಚ್ಚು ಅಪಾಯದ್ದು ಕಪಿತ್ಥ. ವಿನಾಯಕನನ್ನು ಎದೆಯ ಬಳಿ ಎರಡೂ ಕೈಗಳ ಕಪಿತ್ಥದಲ್ಲಿ ತೋರಿಸುವಾಗ ಹೆಬ್ಬೆರಳಿನ ಮೇಲೆ ತೋರುಬೆರಳು ಬಾಗಿ ಕುಳಿತಿರುವುದು ಕಾಣಬೇಕು. ಕಿರುಬೆರಳಿನ ಕಡೆಯಿಂದ ತೆಗೆದರೆ ಮುಷ್ಟಿಯ ಮೇಲೊಂದು ಗಂಟು ಮಾತ್ರ ಕಾಣುತ್ತದೆ, ಅದು ಕಪಿತ್ಥವೋ ಶಿಖರವೋ ಹೇಳಲಾಗದು. ಆದ್ದರಿಂದ ಸೇವೆಯ ಹಿಂದಿನ ದಿನ ಹುಡುಗಿಯನ್ನು ಅದೇ ಜಾಗದಲ್ಲಿ ನಿಲ್ಲಿಸಿ, ಸ್ತುತಿಯ ಒಂದೊಂದು ಹಸ್ತವನ್ನೂ ಹಿಡಿಸಿ, ಮೊಬೈಲಿನಲ್ಲಿ ಫೋಟೋ ತೆಗೆದು ಅವಳ ಟೀಚರಿಗೆ ತೋರಿಸಿ. ಅವರು ಗುರುತಿಸಲಾರದ ಹಸ್ತ ಯಾವುದೋ, ಅದಕ್ಕೆ ಎರಡನೆಯ ಕ್ಯಾಮೆರಾವನ್ನು ಜಗಲಿಯಲ್ಲೇ ಇನ್ನಷ್ಟು ಪಶ್ಚಿಮಕ್ಕೆ, 30 ಡಿಗ್ರಿಯವರೆಗೆ ಸರಿಸಿ ನೋಡಿ. ಆಗಲೂ ಕಾಣದಿದ್ದರೆ ಆ ಹಸ್ತಕ್ಕೆ ಕ್ಲೋಸಪ್ ಬೇಡ. ಚಿತ್ರಕ್ಕಾಗಿ ಮಣಿಕಟ್ಟು ತಿರುಗಿಸು ಎಂದು ಹುಡುಗಿಗೆ ಹೇಳುವುದು ನಮ್ಮ ಕೆಲಸವಲ್ಲ.

ಮೊದಲ ಮಾತನ್ನು ಅರ್ಧ ಒಪ್ಪುತ್ತೇನೆ. ಅಭಿನಯದಲ್ಲಿ ಕಣ್ಣನ್ನು ಬಿಟ್ಟು ಕೈ ತೋರಿಸಬಾರದು, ಅದಕ್ಕೇ ಮುಖ ಮತ್ತು ಕೈ ಎರಡೂ ಹಿಡಿಯುವ ಚೌಕಟ್ಟು ಹೇಳಿದೆ. ಆದರೆ ಹೂ ಬಿಡುವ ಬೊಗಸೆಯಲ್ಲಿ ಅರ್ಥ ಕೈಯಲ್ಲೇ ಪೂರ್ತಿಯಾಗುತ್ತದೆ. ಅಲ್ಲಿ ಮೂರು ಸೆಕೆಂಡ್ ಕೈಯನ್ನಷ್ಟೇ ತೋರಿಸಿ, ಮತ್ತೆ ಮುಖಕ್ಕೆ ಹೋಗುವುದರಿಂದ ಏನೂ ಕೆಡುವುದಿಲ್ಲ ಎಂದು ನನ್ನ ಅನಿಸಿಕೆ.

ಶಿಕ್ಷಕಿ: ಬೊಗಸೆಯ ಮಟ್ಟಿಗೆ ಸರಿ ಎನ್ನೋಣ. ಅದನ್ನೇ ಸೊಂಡಿಲು, ಮೊರದಗಲದ ಕಿವಿಗಳಿಗೂ ವಿಸ್ತರಿಸಬೇಡಿ.

ಪ್ರಶ್ನೆ ಕೇಳಿದವರು: ಒಂದು ಸಂಶಯ ಉಳಿಯಿತು. ಸೇವೆ ಒಂದೇ ಬಾರಿ, ಮರುಚಿತ್ರೀಕರಣವಿಲ್ಲ. ಕ್ಲೋಸಪ್ ತಪ್ಪಿಹೋದರೆ ನಡೆ ಮುಚ್ಚಿದ ಮೇಲೆ ಇನ್ನೊಮ್ಮೆ ಕುಣಿಸಿ ತೆಗೆಯಬಹುದೇ?

ಛಾಯಾಗ್ರಾಹಕರು: ತಂತ್ರದ ದೃಷ್ಟಿಯಿಂದ ಆಗುತ್ತದೆ, ಆದರೆ ಒಂದು ಷರತ್ತು. ಹಿಮ್ಮೇಳ ಜೀವಂತವಾಗಿರುವುದರಿಂದ ಸೇವೆಯ ದಿನದ ವೇಗ ಮರುದಿನಕ್ಕೆ ಬರುವುದಿಲ್ಲ. ನಟ್ಟುವಾಂಗದವರ ಪಕ್ಕ ಒಂದು ಧ್ವನಿಮುದ್ರಕವಿಟ್ಟು ಪೂರ್ತಿ ದಾಖಲಿಸಿ, ಅದೇ ಧ್ವನಿಯನ್ನು ಕೇಳಿಸಿ ಕುಣಿಸಬೇಕು. ನೆನಪಿನಿಂದ ಕುಣಿದರೆ ಎರಡನೆಯ ಸಾಲಿಗೇ ಕೈ ತಾಳದಿಂದ ಜಾರುತ್ತದೆ. ಅದೇ ರಾತ್ರಿ ತೆಗೆಯುವುದು ಲೇಸು, ಅಲ್ತಾ, ಬಳೆ, ಮುಡಿದ ಹೂವು ಹಾಗೇ ಇರುತ್ತವೆ.

ಶಿಕ್ಷಕಿ: ನಾನಾದರೆ ನನ್ನ ಶಿಷ್ಯೆಯನ್ನು ಮುಚ್ಚಿದ ನಡೆಯ ಮುಂದೆ ಕ್ಯಾಮೆರಾಕ್ಕಾಗಿ ಕುಣಿಸುವುದಿಲ್ಲ. ಅದು ಸೇವೆಯಲ್ಲ, ಸೇವೆಯ ವೇಷ.

ಪ್ರಶ್ನೆ ಕೇಳಿದವರು: ಹುಡುಗಿಯ ಅಮ್ಮನೂ ಹೀಗೇ ಹೇಳಿದರು. ತಂತ್ರಿಗಳನ್ನು ಕೇಳಿದೆ, ಒಳಾಂಗಣದಲ್ಲಿ ಬೇಡ, ಹೊರಗಿನ ಗೋಪುರದ ಜಗಲಿಯಲ್ಲಿ ಬೇಕಾದರೆ ತೆಗೆಯಿರಿ ಎಂದರು. ಅಲ್ಲಿ ತೆಗೆದದ್ದು ಇದರೊಂದಿಗೆ ಹೊಂದುತ್ತದೆಯೇ?

ಛಾಯಾಗ್ರಾಹಕರು: ಬರೀ ಬೊಗಸೆಯ ಚೌಕಟ್ಟಾದರೆ ಹೊಂದುತ್ತದೆ. ಹಿನ್ನೆಲೆ ಕತ್ತಲಾಗಿರಲಿ, ಎಲ್ಇಡಿ ದೀಪ ಮತ್ತೆ ಕ್ಯಾಮೆರಾದ ಎದುರು ಮಗ್ಗುಲಿಂದಲೇ ಬರಲಿ, ಹುಡುಗಿ ಪರದೆಯ ಬಲಕ್ಕೇ ನೋಡಲಿ. ಮುಖ ಬರುವ ತುಣುಕುಗಳನ್ನು ಅಲ್ಲಿ ತೆಗೆಯಬೇಡಿ. ಒಳಗೆ ಅವಳ ಕಣ್ಣು ನಿಲ್ಲುವುದು ಮೆಟ್ಟಿಲ ಮೇಲಿನ ದೀಪದಾಚೆಗೆ, ಗೋಪುರದಲ್ಲಿ ನಿಮ್ಮ ಸಹಾಯಕನ ಕೈಯ ಮೇಲೆ. ಎರಡರ ವ್ಯತ್ಯಾಸ 200 ಮಿಲಿಮೀಟರ್ ಲೆನ್ಸಿನಲ್ಲಿ ಎದ್ದು ಕಾಣುತ್ತದೆ.